ಖಾತೆಯಿಂದ ಹಣ ಕಡಿತವಾಗಿದೆ, ಸ್ವೀಕರಿಸುವವರಿಗೆ ತಲುಪಿಲ್ಲ: ಮುಂದೇನು?

ಹಣ ವರ್ಗಾವಣೆಯಲ್ಲಿ ಕಳುಹಿಸುವವರ ಬ್ಯಾಂಕು ಮೊದಲು ಖಾತೆಯಿಂದ ಮೊತ್ತವನ್ನು ಕಡಿತ ಮಾಡಿ, ಅನಂತರ ಅದನ್ನು ಜಮೆ ಮಾಡುವಂತೆ ಸ್ವೀಕರಿಸುವವರ ಬ್ಯಾಂಕಿಗೆ ಸಂದೇಶ ಕಳುಹಿಸುತ್ತದೆ. ಆ ಬ್ಯಾಂಕು ಸ್ಪಷ್ಟವಾಗಿ ನಿರಾಕರಿಸಿದರೆ, ಉದಾಹರಣೆಗೆ ಖಾತೆ ಮುಚ್ಚಿದ್ದರೆ, ಹಣ ಸಾಮಾನ್ಯವಾಗಿ ಬೇಗನೆ ಹಿಂದಿರುಗುತ್ತದೆ.

ನಿಜವಾದ ತೊಡಕು ಇರುವುದು ಉತ್ತರವೇ ಬಾರದಿದ್ದಾಗ. ಜಮೆ ಆಗಲಿಲ್ಲವೋ, ಅಥವಾ ಜಮೆಯಾಗಿಯೂ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೋ ಎಂಬುದು ಆ ಕ್ಷಣದಲ್ಲಿ ನಮ್ಮ ಬ್ಯಾಂಕಿಗೆ ತಿಳಿಯುವುದಿಲ್ಲ. ಅವಸರದಿಂದ ಮರಳಿಸಿದರೆ ಒಂದೇ ಹಣ ಎರಡೂ ಕಡೆ ಸೇರಿಬಿಡಬಹುದು. ಆದ್ದರಿಂದ ಎರಡೂ ಬ್ಯಾಂಕುಗಳ ದಾಖಲೆಗಳನ್ನು ತಾಳೆ ನೋಡುವವರೆಗೆ ವಹಿವಾಟು ‘ಬಾಕಿ’ ಎಂದೇ ಉಳಿದು, ಬಳಿಕ ತಡವಾಗಿ ಜಮೆಯಾಗುತ್ತದೆ ಇಲ್ಲವೇ ಹಿಂದಿರುಗುತ್ತದೆ.

ಈ ಅವಧಿಯಲ್ಲಿ ದಯವಿಟ್ಟು ಮತ್ತೊಮ್ಮೆ ಕಳುಹಿಸಬೇಡಿ. 5,000 ಕಳುಹಿಸಿದ್ದು ಬಾಕಿಯಿದೆಯೆಂದು ಇನ್ನೊಮ್ಮೆ 5,000 ಕಳುಹಿಸಿದಿರೆಂದುಕೊಳ್ಳಿ. ಮೊದಲಿನದೂ ಸಂಜೆ ಜಮೆಯಾದರೆ ಅವರ ಬಳಿ 10,000 ಇರುತ್ತದೆ, ಹೆಚ್ಚುವರಿ ಹಣವನ್ನು ಅವರ ಒಪ್ಪಿಗೆಯಿಲ್ಲದೆ ಮರಳಿ ಪಡೆಯುವುದು ಬಹಳ ಕಷ್ಟ.

ನಿಮ್ಮಲ್ಲಿ ‘ಯಶಸ್ವಿ’ ಎಂದು ತೋರಿಸುತ್ತಿದ್ದರೆ, ಸ್ವೀಕರಿಸುವವರು ಸಂದೇಶಕ್ಕಾಗಿ ಕಾಯದೆ ಖಾತೆಯ ವಿವರಪಟ್ಟಿಯನ್ನೇ ನೋಡಲಿ, ಏಕೆಂದರೆ ಎಷ್ಟೋ ಸಲ ತಡವಾಗಿರುವುದು ಸಂದೇಶ ಮಾತ್ರ. ಅಲ್ಲಿಯೂ ಕಾಣದಿದ್ದರೆ ವಹಿವಾಟಿನ ಉಲ್ಲೇಖ ಸಂಖ್ಯೆ, ದಿನಾಂಕ ಮತ್ತು ಮೊತ್ತದೊಂದಿಗೆ ನಿಮ್ಮ ಬ್ಯಾಂಕಿನಲ್ಲಿ ಲಿಖಿತ ದೂರು ದಾಖಲಿಸಿ. ಆ ಸಂಖ್ಯೆಯಿಂದಲೇ ಎರಡೂ ಬ್ಯಾಂಕುಗಳು ಹಣದ ಜಾಡು ಹಿಡಿಯುತ್ತವೆ. ಹಣ ಮರಳಿಸಲು ಪಿನ್ ಅಥವಾ ಒಟಿಪಿ ಕೇಳುವವರು ವಂಚಕರು.