ಬಯಾಪ್ಸಿ ರಿಪೋರ್ಟ್ ಓದುವುದು ಹೇಗೆ: ಕ್ರೋನ್ಸಾ, ಅಲ್ಸರೇಟಿವ್ ಕೊಲೈಟಿಸ್ಸಾ?

ಕೊಲೊನೊಸ್ಕೊಪಿ ಮುಗಿದು ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣೂ ಹೋಗುವುದು ಕೊನೆಯ ಸಾಲಿಗೆ. ಅಲ್ಲಿ ಎಷ್ಟೋ ಸಲ ಕ್ರೋನ್ಸ್ ಅಂತಲೂ ಇರುವುದಿಲ್ಲ, ಅಲ್ಸರೇಟಿವ್ ಕೊಲೈಟಿಸ್ ಅಂತಲೂ ಇರುವುದಿಲ್ಲ. ‘ಕ್ರಾನಿಕ್ ಆಕ್ಟಿವ್ ಕೊಲೈಟಿಸ್’ ಅಂತ ಮಾತ್ರ ಇರುತ್ತದೆ. ಇದು ಕಾಯಿಲೆಯ ಹೆಸರಲ್ಲ. ದೊಡ್ಡ ಕರುಳಿನಲ್ಲಿ ಹಳೆಯ ಉರಿಯೂತ ಇದೆ, ಈಗಲೂ ಆರಿಲ್ಲ ಅಂತ ಅರ್ಥ, ಅಷ್ಟೆ.

ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಎರಡೂ ಕರುಳಿನಲ್ಲಿ ದೀರ್ಘಕಾಲ ಉರಿಯೂತ ತರುವ ಕಾಯಿಲೆಗಳು, ಅವುಗಳ ನಡುವಿನ ವ್ಯತ್ಯಾಸ ಮೊದಲು ತಿಳಿದಿರಲಿ. ಅಲ್ಸರೇಟಿವ್ ಕೊಲೈಟಿಸ್ ಸಾಮಾನ್ಯವಾಗಿ ಗುದನಾಳದಲ್ಲಿ ಶುರುವಾಗಿ, ನಡುವೆ ಜಾಗ ಬಿಡದೆ ಮೇಲಕ್ಕೆ ಹತ್ತುತ್ತದೆ. ದೊಡ್ಡ ಕರುಳಿನ ಒಳಪದರದಲ್ಲೇ ಉಳಿಯುತ್ತದೆ. ಕ್ರೋನ್ಸ್ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು, ಜಾಸ್ತಿ ಕಾಣುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಒಂದು ಕಡೆ ಹುಣ್ಣು, ಪಕ್ಕದಲ್ಲೇ ಚೆನ್ನಾಗಿರುವ ಕರುಳು, ಮತ್ತೆ ಹುಣ್ಣು. ಮತ್ತೆ ಅದು ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೆ ಇಳಿಯಬಲ್ಲದು, ಅದಕ್ಕೇ ಕರುಳು ಕಿರಿದಾಗುವುದು, ಫಿಸ್ಟುಲಾ ಆಗುವುದು, ಅಂದರೆ ಕರುಳಿನಿಂದ ಪಕ್ಕದ ಅಂಗಕ್ಕೋ ಚರ್ಮಕ್ಕೋ ತೂತು ದಾರಿ ಆಗುವುದು.

ಆದರೆ ಕೊಲೊನೊಸ್ಕೊಪಿಯ ಚಿಮಟ ಕಿತ್ತು ತರುವುದು ಎರಡು ಮೂರು ಮಿಲಿಮೀಟರ್ ಚೂರು, ಅದೂ ಒಳಪದರದ್ದು. ಗೋಡೆಯ ಆಳ ಅದರಲ್ಲಿ ಕಾಣುವುದೇ ಇಲ್ಲ! ಹಾಗಾದರೆ ಅದರಿಂದ ಏನು ಗೊತ್ತಾಗುತ್ತದೆ?

ಮೊದಲು ಚೂರುಗಳನ್ನು ಎಲ್ಲಿಂದ ತೆಗೆದಿದ್ದಾರೆ ನೋಡಿ. ಸಣ್ಣ ಕರುಳಿನ ಕೊನೆ ಮತ್ತು ಗುದನಾಳ ಸೇರಿದಂತೆ ಕನಿಷ್ಠ ಐದು ಜಾಗಗಳಿಂದ, ಒಂದೊಂದರಿಂದ ಎರಡು ಚೂರಾದರೂ ಬೇಕು. ಚೆನ್ನಾಗಿ ಕಾಣುವ ಜಾಗದಿಂದಲೂ ತೆಗೆಯಬೇಕು, ಮತ್ತು ಪ್ರತಿ ಜಾಗಕ್ಕೂ ಬೇರೆ ಡಬ್ಬಿ. ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದರೆ ಯಾವುದು ಎಲ್ಲಿಯದು ಅಂತ ಪೆಥಾಲಜಿಸ್ಟ್‌ಗೆ ಗೊತ್ತಾಗುವುದಿಲ್ಲ.

ಆಮೇಲೆ ‘ಕ್ರಿಪ್ಟ್’ ಪದ ಹುಡುಕಿ. ಕರುಳಿನ ಒಳಪದರದಲ್ಲಿರುವ ಪುಟ್ಟ ಗುಳಿಗಳಿವು. ಆರೋಗ್ಯವಾಗಿದ್ದರೆ ಸ್ಟ್ಯಾಂಡಿನಲ್ಲಿಟ್ಟ ಟೆಸ್ಟ್‌ಟ್ಯೂಬುಗಳ ಹಾಗೆ ನೆಟ್ಟಗೆ, ಒತ್ತೊತ್ತಾಗಿ, ತಳ ಮುಟ್ಟಿ ನಿಂತಿರುತ್ತವೆ. ಉರಿಯೂತ ತಿಂಗಳುಗಟ್ಟಲೆ ಇದ್ದರೆ ಕವಲೊಡೆಯುತ್ತವೆ, ಗಿಡ್ಡವಾಗುತ್ತವೆ, ಅವುಗಳ ಬುಡದಲ್ಲಿ ಪ್ಲಾಸ್ಮಾ ಕೋಶಗಳೆಂಬ ರಕ್ಷಣಾ ಕೋಶಗಳು ಗುಂಪುಗಟ್ಟುತ್ತವೆ. ನಾಲ್ಕು ದಿನದ ಸೋಂಕಿನ ಭೇದಿಯಲ್ಲಿ ಕೀವಿನ ಕೋಶಗಳು ಕಂಡರೂ ಕ್ರಿಪ್ಟ್‌ಗಳು ನೆಟ್ಟಗೇ ಇರುತ್ತವೆ. ಸೊಟ್ಟ ಕ್ರಿಪ್ಟ್ ಎರಡೂ ಕಾಯಿಲೆಗಳಲ್ಲಿ ಬರುತ್ತದೆ, ಯಾವುದು ಅಂತ ಹೇಳುವುದು ಅದು ಎಲ್ಲೆಲ್ಲಿದೆ ಅನ್ನುವುದು.

ಮೂರನೆಯದು ‘ಗ್ರಾನುಲೋಮಾ’, ಅಂದರೆ ರಕ್ಷಣಾ ಕೋಶಗಳ ಒಂದು ಪುಟ್ಟ ಉಂಡೆ. ಇದ್ದರೆ ಕ್ರೋನ್ಸ್ ಕಡೆಗೆ ತೂಕ. ಆದರೆ ಕ್ರೋನ್ಸ್ ಇರುವ ಹೆಚ್ಚಿನವರ ಬಯಾಪ್ಸಿಯಲ್ಲಿ ಇದು ಸಿಗುವುದೇ ಇಲ್ಲ, ಹಾಗಾಗಿ ಸಿಗಲಿಲ್ಲ ಅಂತ ಕ್ರೋನ್ಸ್ ಇಲ್ಲ ಅನ್ನುವಂತಿಲ್ಲ. ಒಡೆದ ಕ್ರಿಪ್ಟ್‌ಗೆ ಅಂಟಿಕೊಂಡ ಗ್ರಾನುಲೋಮಾ ಅಲ್ಸರೇಟಿವ್ ಕೊಲೈಟಿಸ್‌ನಲ್ಲೂ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ದೊಡ್ಡದಾಗಿ, ಒಂದಕ್ಕೊಂದು ಕೂಡಿಕೊಂಡಿದ್ದರೆ ಟಿಬಿ ಇದೆಯಾ ಅಂತ ನೋಡಲೇಬೇಕು.

ಈಗ ಒಬ್ಬ ರೋಗಿ ಇದ್ದಾರೆ ಅಂತ ಇಟ್ಟುಕೊಳ್ಳಿ. ಮೂರು ತಿಂಗಳಿಂದ ರಕ್ತಭೇದಿ. ಕೊಲೊನೊಸ್ಕೊಪಿಯಲ್ಲಿ ಗುದನಾಳ ಚೆನ್ನಾಗಿದೆ, ಎಡಭಾಗದ ಕರುಳು ಕೆಂಪಾಗಿದೆ, ಮಧ್ಯದ ಕರುಳು ಸರಿ ಇದೆ, ಅಪೆಂಡಿಕ್ಸ್‌ನ ಬಾಯಿಯ ಸುತ್ತ ಮತ್ತೆ ಒಂದು ಕೆಂಪು ತೇಪೆ. ಬಿಟ್ಟು ಬಿಟ್ಟು ಇದೆ, ಗುದನಾಳ ಉಳಿದಿದೆ. ಕ್ರೋನ್ಸೇ ಅನ್ನಿಸುತ್ತದೆ ಅಲ್ವಾ? ಬಯಾಪ್ಸಿ ಬೇರೆ ಹೇಳಿತು. ಸಣ್ಣ ಕರುಳಿನ ಚೂರು ನಾರ್ಮಲ್. ಎಡಭಾಗದ ಎಲ್ಲ ಚೂರುಗಳಲ್ಲೂ ಸೊಟ್ಟ ಕ್ರಿಪ್ಟ್. ಕಣ್ಣಿಗೆ ಚೆನ್ನಾಗಿ ಕಂಡಿದ್ದ ಗುದನಾಳದ ಚೂರಿನಲ್ಲಿ ಕೀವಿನ ಕೋಶಗಳಿಲ್ಲ, ಆದರೆ ಕ್ರಿಪ್ಟ್‌ಗಳು ಕವಲೊಡೆದಿವೆ. ಅಂದರೆ ಅಲ್ಲೂ ಕಾಯಿಲೆ ಇತ್ತು, ಈಗ ಆರಿದೆ. ಕೇಳಿದರೆ, ಆರು ವಾರದಿಂದ ಮೆಸಲಮೈನ್ ಸಪೊಸಿಟರಿ, ಅಂದರೆ ಗುದದ್ವಾರದೊಳಗೆ ಇಡುವ ಉರಿಯೂತದ ಔಷಧ, ಹಾಕಿಕೊಳ್ಳುತ್ತಿದ್ದರು! ಔಷಧ ಗುದನಾಳದ ಕೆಂಪನ್ನು ಇಳಿಸಿತ್ತು, ಕ್ರಿಪ್ಟ್‌ಗಳ ಆಕಾರ ಅಷ್ಟು ಬೇಗ ಸರಿಯಾಗಿರಲಿಲ್ಲ. ಇನ್ನು ಅಪೆಂಡಿಕ್ಸ್ ಬಾಯಿಯ ತೇಪೆ: ಎಡಭಾಗಕ್ಕೆ ಸೀಮಿತವಾದ ಅಲ್ಸರೇಟಿವ್ ಕೊಲೈಟಿಸ್‌ನಲ್ಲೂ ಅದು ಬರುತ್ತದೆ. ಎಲ್ಲ ಸೇರಿಸಿ ನೋಡಿದರೆ ಇದು ಅಲ್ಸರೇಟಿವ್ ಕೊಲೈಟಿಸ್ ಕಡೆಗೇ ವಾಲುತ್ತದೆ.

ಈ ಗೊಂದಲ ಬೇಡ ಅಂದರೆ ಬಯಾಪ್ಸಿ ಜೊತೆ ಹೋಗುವ ಚೀಟಿಯಲ್ಲಿ ಮೂರು ವಿಷಯ ಇರಲಿ: ಭೇದಿ ಎಷ್ಟು ದಿನದಿಂದ, ಯಾವ ಔಷಧ ಎಷ್ಟು ವಾರದಿಂದ (ಎನಿಮಾ, ಸಪೊಸಿಟರಿ ಕೂಡ), ನೋವಿನ ಮಾತ್ರೆ ತಿನ್ನುತ್ತೀರಾ ಅನ್ನುವುದು. ಐಬುಪ್ರೊಫೆನ್ ತರಹದ ಮಾತ್ರೆಗಳೂ ಸಣ್ಣ ಕರುಳಿನ ಕೊನೆಯಲ್ಲಿ ಕ್ರೋನ್ಸ್ ಹಾಗೆ ಕಾಣುವ ಹುಣ್ಣು ಮಾಡುತ್ತವೆ. ಇಷ್ಟೆಲ್ಲ ಬರೆದರೂ ಕೆಲವರ ರಿಪೋರ್ಟಿನಲ್ಲಿ ‘ಐಬಿಡಿ, ಅನ್‌ಕ್ಲಾಸಿಫೈಡ್’ ಅಂತ ಬರುತ್ತದೆ. ಐಬಿಡಿ ಅಂದರೆ ಈ ಎರಡೂ ಕಾಯಿಲೆಗಳು ಸೇರುವ ಗುಂಪಿನ ಹೆಸರು. ಲ್ಯಾಬ್ ತಪ್ಪು ಮಾಡಿದೆ ಅಂದುಕೊಳ್ಳಬೇಡಿ. ಸದ್ಯಕ್ಕೆ ಎರಡರಲ್ಲಿ ಯಾವುದೆಂದು ಹೇಳಲಾಗದು ಅಂತ ಅರ್ಥ, ಮುಂದಿನ ಕೊಲೊನೊಸ್ಕೊಪಿ ಆದಾಗ ಹಳೆಯ ಸ್ಲೈಡುಗಳನ್ನೂ ಜೊತೆಗಿಟ್ಟು ನೋಡಿಸಿ.