ಬ್ಯಾಲೆನ್ಸ್ ಇತ್ತು, ಕರೆಂಟ್ ಇರಲಿಲ್ಲ

ತುಮಕೂರಿನ ಹೊರವಲಯದಲ್ಲಿ ಮನೆ ಕಟ್ಟಿಸಿಕೊಡುವುದು ನನ್ನ ಕೆಲಸ. 2025ರಲ್ಲಿ ನಮ್ಮ ಸೈಟಿಗೆ ತಾತ್ಕಾಲಿಕ ಕನೆಕ್ಷನ್ ತಗೊಂಡಾಗ ಪ್ರಿಪೇಯ್ಡ್ ಸ್ಮಾರ್ಟ್ ಮೀಟರ್ ಬಂತು. "ಇದನ್ನ ನಂಬಿ ಕೆಲಸ ಮಾಡೋಕಾಗಲ್ಲ, ಜನರೇಟರ್ ತಗೊಂಡ್ಬಿಡಿ ಭಾವ" ಅಂದ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಆಗಿರುವ ನನ್ನ ಭಾವಮೈದ. ಮೊದಲ ಎರಡು ತಿಂಗಳು ಅವನ ಮಾತೇ ನಿಜ ಅನ್ನಿಸಿತ್ತು.

ಮೊದಲ ಪೆಟ್ಟು ಬಿದ್ದದ್ದು ಮೋಲ್ಡ್ ಹಾಕಿದ ವಾರ. ಗುರುವಾರ ಸಂಜೆ ಆ್ಯಪ್‌ನಲ್ಲಿ 1,050 ರೂಪಾಯಿ ಚಿಲ್ಲರೆ ಇತ್ತು. ಶುಕ್ರವಾರ ಮೋಲ್ಡ್ ಆಯ್ತು. ಶನಿವಾರ ನೋಡಿದರೂ ಅಷ್ಟೇ, ಭಾನುವಾರವೂ ಅಷ್ಟೇ. ಪರವಾಗಿಲ್ಲ, ಖರ್ಚೇ ಇಲ್ಲ ಅಂತ ಖುಷಿಪಟ್ಟೆ, ದಡ್ಡ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ವಾಚ್‌ಮನ್ ಫೋನ್ ಮಾಡಿದ: "ಸಾರ್, ಕರೆಂಟ್ ಹೋಯ್ತು, ಪಕ್ಕದ ಮನೇಲಿ ಇದೆ." ಆ್ಯಪ್ ತೆರೆದರೆ ಮೈನಸ್ 150.

ಆಗಿದ್ದಿಷ್ಟು. ದುಡ್ಡಿನ ಲೆಕ್ಕ ಇರುವುದು ಮೀಟರಿನೊಳಗಲ್ಲ, ಕಂಪನಿಯ ಸರ್ವರಿನಲ್ಲಿ. ಮೀಟರ್ ರೀಡಿಂಗ್ ಕಳಿಸಿದ ಮೇಲೆ ಅಲ್ಲಿ ಹಣ ಕಡಿತವಾಗುತ್ತದೆ. ನಡುವೆ ನೆಟ್‌ವರ್ಕ್ ಕೈಕೊಟ್ಟರೆ ಬ್ಯಾಲೆನ್ಸ್ ಅಲ್ಲಾಡುವುದಿಲ್ಲ, ಸಿಕ್ಕಿದ ದಿನ ಬಾಕಿಯೆಲ್ಲ ಒಟ್ಟಿಗೆ ಹೋಗುತ್ತದೆ. ನಮ್ಮ ಸೈಟಿನಲ್ಲಿ ದಿನಕ್ಕೆ ಸುಮಾರು 20 ಯೂನಿಟ್, ಅಂದರೆ 200 ರೂಪಾಯಿ ಹತ್ತಿರ. ನಿಗದಿ ಶುಲ್ಕದ ದಿನದ ಪಾಲು ಇನ್ನೊಂದು ನೂರರ ಆಸುಪಾಸು, ಅದು ಕೆಲಸ ಇಲ್ಲದ ದಿನವೂ ಬಿಡುವುದಿಲ್ಲ. ನಾಲ್ಕು ದಿನಕ್ಕೆ 1,200.

ಎಚ್ಚರಿಕೆಯ ಎಸ್ಸೆಮ್ಮೆಸ್ ಬಂದಿತ್ತೇ ಅಂದರೆ, ಬಂದಿತ್ತು. ಪುಣೆಯಲ್ಲಿರುವ ಮನೆ ಓನರ್ ಮೊಬೈಲಿಗೆ. ಕನೆಕ್ಷನ್ ಅವರ ಹೆಸರಿನಲ್ಲಿ, ನಂಬರೂ ಅವರದೇ. ಬ್ಯಾಂಕಿನ ಮೆಸೇಜುಗಳ ಮಧ್ಯೆ ಅದನ್ನು ಯಾರು ನೋಡುತ್ತಾರೆ?

ತಕ್ಷಣ ಒಂದು ಸಾವಿರ ಹಾಕಿದೆ. ಹಣ ಜಮೆಯಾಯಿತು, ಕರೆಂಟ್ ಬರಲು ಎರಡು ಗಂಟೆ ಹಿಡಿಯಿತು. ಸರ್ವರಿನಿಂದ 'ಜೋಡಿಸು' ಅನ್ನುವ ಆದೇಶ ಮತ್ತೆ ಅದೇ ನೆಟ್‌ವರ್ಕಿನಲ್ಲಿ ಮೀಟರಿಗೆ ಬರಬೇಕಲ್ಲ! ಅಷ್ಟರಲ್ಲಿ ಮೋಲ್ಡಿನ ಮೇಲೆ ಕಟ್ಟಿದ್ದ ನೀರು ಬತ್ತಿ, ಪಂಪೂ ಓಡದೆ, ಟ್ಯಾಂಕರ್ ತರಿಸಿದೆ. ಅದಕ್ಕೆ 900, ಗಾರೆಯವರ ಅರ್ಧ ದಿನದ ಕೂಲಿ ಬೇರೆ. ಮೀಟರ್ ಬಾಕ್ಸಿಗೆ ಒರಗಿಸಿದ್ದ ತಗಡಿನ ಶೀಟುಗಳನ್ನು ತೆಗೆಸಿದ ಮೇಲೆ ದಿನದ ಕಡಿತ ದಿನಾ ಕಾಣತೊಡಗಿತು. ಶೀಟುಗಳದೇ ತಪ್ಪೋ ಕಾಕತಾಳೀಯವೋ, ವಾಪಸ್ ಇಟ್ಟು ಪರೀಕ್ಷಿಸುವ ಧೈರ್ಯ ನನಗಿಲ್ಲ.

ಎರಡನೆಯ ಪೆಟ್ಟು ವಿಚಿತ್ರದ್ದು. ಖಾತೆಯಲ್ಲಿ 2,000 ಇದ್ದಾಗಲೇ ಕರೆಂಟ್ ಹೋಯಿತು, ಕೆಲವು ನಿಮಿಷಕ್ಕೆ ತಾನೇ ಬಂತು, ಮತ್ತೆ ಹೋಯಿತು. ಹಾಗೇ ಮೂರು ಸಲ ಆಗಿ, ಆಮೇಲೆ ಅರ್ಧ ಗಂಟೆ ಬರಲೇ ಇಲ್ಲ. ಬ್ಯಾಲೆನ್ಸ್ ಮುಗಿದು ಹೋದದ್ದು ಹೀಗೆ ಬಂದು ಹೋಗಿ ಮಾಡುವುದಿಲ್ಲ. ಇದು ಲೋಡಿನದು. ನಾವು ಬರೆಸಿದ್ದು 3 ಕಿಲೋವಾಟ್. ಅವತ್ತು ಗ್ರಿಲ್ಲಿನವರು ವೆಲ್ಡಿಂಗ್ ಸೆಟ್ ಹಚ್ಚಿದ್ದರು, ಒಂದೂವರೆ ಎಚ್‌ಪಿ ಪಂಪೂ ಓಡುತ್ತಿತ್ತು. ಮಿತಿ ಮೀರಿದರೆ ಮೀಟರ್ ಸರ್ವರನ್ನು ಕೇಳುವುದಿಲ್ಲ, ಒಳಗಿನ ರಿಲೇ ಸ್ವಿಚ್ಚನ್ನು ತಾನೇ ಬೀಳಿಸುತ್ತದೆ. ಸ್ವಲ್ಪ ಬಿಟ್ಟು ಜೋಡಿಸಿ ನೋಡುತ್ತದೆ, ಲೋಡ್ ಇಳಿದಿಲ್ಲ ಅಂದರೆ ಮತ್ತೆ ಬಿಡಿಸುತ್ತದೆ. ಕೆಲವು ಪ್ರಯತ್ನದ ನಂತರ ಅರ್ಧ ಗಂಟೆ ಬೀಗ. ನಾನು ಪೆದ್ದನ ಹಾಗೆ ಅವತ್ತೂ 500 ರೀಚಾರ್ಜ್ ಮಾಡಿದ್ದೆ.

ಈಗ ಕರೆಂಟ್ ಹೋಯಿತು ಅಂದರೆ ವಾಚ್‌ಮನ್‌ಗೆ ಒಂದೇ ಪ್ರಶ್ನೆ: ಮೀಟರಿನ ಡಿಸ್‌ಪ್ಲೇ ಉರೀತಿದೆಯಾ? ಉರಿಯದಿದ್ದರೆ ಲೈನೇ ಇಲ್ಲ, ಸುಮ್ಮನೆ ಕಾಯುವುದು. ಉರಿಯುತ್ತಿದ್ದರೆ ಮೀಟರ್‌ವರೆಗೆ ಕರೆಂಟ್ ಬಂದಿದೆ. ನಮ್ಮ ಎಂಸಿಬಿ ಬಿದ್ದಿಲ್ಲವಾದರೆ ಬಿಡಿಸಿರುವುದು ಮೀಟರೇ. ಆಗ ಎಲ್ಲ ಮಿಷನ್ ಆಫ್ ಮಾಡಿಸಿ, ಆಮೇಲೆ ಬ್ಯಾಲೆನ್ಸ್ ನೋಡುತ್ತೇನೆ.

ಆ್ಯಪನ್ನು ನಂಬುವುದು ಬಿಟ್ಟಿದ್ದೇನೆ. ಸಂಜೆ ಆರಕ್ಕೆ ವಾಚ್‌ಮನ್ ಡಿಸ್‌ಪ್ಲೇಯ ಫೋಟೊ ಕಳಿಸುತ್ತಾನೆ, ಯೂನಿಟ್ ನೋಟ್‌ಬುಕ್ಕಿಗೆ ಹೋಗುತ್ತದೆ, ಬ್ಯಾಲೆನ್ಸನ್ನು ನಾನೇ ಕಳೆದುಕೊಳ್ಳುತ್ತೇನೆ. ನನ್ನ ಲೆಕ್ಕಕ್ಕೂ ಆ್ಯಪಿಗೂ ಸಾಮಾನ್ಯವಾಗಿ ಒಂದು ದಿನದ ವ್ಯತ್ಯಾಸ, ಎರಡಾದರೆ ನೆಟ್‌ವರ್ಕ್ ಹೋಗಿದೆ ಅಂತ. ರೀಚಾರ್ಜ್ ಗುರುವಾರ ಬೆಳಿಗ್ಗೆ, ವಾರಕ್ಕಾಗುವಷ್ಟು. ಏನಾದರೂ ಸಿಕ್ಕಿಹಾಕಿಕೊಂಡರೂ ಶುಕ್ರವಾರ ಆಫೀಸು ತೆರೆದಿರುತ್ತದೆ. ಇನ್ನೂರಿನಂತೆ ಐದು ಸಲ ಹಾಕಿದರೆ ಉಳಿತಾಯವೇನಾದರೂ ಇದೆಯಾ ಅಂತ ಒಂದು ತಿಂಗಳು ಮಾಡಿ ನೋಡಿದೆ. ಒಂದು ಪೈಸೆಯೂ ಇಲ್ಲ, ತಲೆನೋವು ಮಾತ್ರ. ಓನರಿಗೆ ಹೇಳಿ ನಂಬರನ್ನೂ ಬದಲಿಸಿಕೊಂಡೆ.

ವೆಲ್ಡಿಂಗ್ ದಿನ ಮೂರು ಕಿಲೋವಾಟಿನಲ್ಲೇ ಹೇಗೆ ನಿಭಾಯಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮೀಟರಿಗೆ ಕೈ ಹಾಕುವಂಥದ್ದಲ್ಲ, ಕೆಲಸದ ಸರದಿಯ ವಿಷಯ ಅಷ್ಟೇ.

ಆರೇಳು ತಿಂಗಳಾಯಿತು, ಬ್ಯಾಲೆನ್ಸಿಗೆ ಒಮ್ಮೆಯೂ ಕರೆಂಟ್ ಹೋಗಿಲ್ಲ. ಮೊನ್ನೆ ಭಾವಮೈದನೇ ಫೋನ್ ಮಾಡಿ, "ಭಾವ, ಆ ನೋಟ್‌ಬುಕ್ಕಿನ ಫೋಟೊ ಕಳ್ಸಿ" ಅಂದ. ಕಳಿಸಿದೆ, ವೆಲ್ಡಿಂಗಿನ ಪುಟ ಬಿಟ್ಟು.