ಮಗಳ ಸೀಟಿಗಾಗಿ ರೀಜನಲ್ ಆಫೀಸಿಗೆ ಬರೆದ ರಜೆ ಪತ್ರ

ಚಿತ್ತಾಪುರದ ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದಾಗ ನಾನು ಮೊದಲು ಬರೆದ ಪತ್ರ ಎರಡೇ ಸಾಲು. ಮಗಳ ಇಂಜಿನಿಯರಿಂಗ್ ಕೌನ್ಸೆಲಿಂಗ್ ಇದೆ, ಹದಿನೈದು ದಿನ ಪ್ರಿವಿಲೇಜ್ ಲೀವ್, ಅಂದರೆ ಪಿ.ಎಲ್ ಬೇಕು. ಮರುದಿನವೇ ರೀಜನಲ್ ಆಫೀಸಿನಿಂದ ಫೋನ್ ಬಂತು. "ಮೇಡಂ, ಯಾವ ತಾರೀಖಿಂದ? ಕೀ ಯಾರ ಕಡೆ ಕೊಟ್ಟು ಹೋಗ್ತೀರಿ?" ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ತಾರೀಖಿನದೇ ದೊಡ್ಡ ತೊಡಕು. ಪಿ.ಎಲ್‌ಗೆ ಮುಂಚಿತವಾಗಿ ಬರೆಯಬೇಕು, ಆದರೆ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ ಕೆಇಎಯ ಸುತ್ತುಗಳ ದಿನ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ರಾತ್ರಿ ಕೂತು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಆಪ್ಷನ್ ಎಂಟ್ರಿ, ಚಾಯ್ಸ್ ಹಾಕುವುದು, ಫೀ ಕಟ್ಟುವುದು ಎಲ್ಲ ಮನೆಯಿಂದಲೇ ಆಗುತ್ತದೆ, ಅದಕ್ಕೆ ಸುಮ್ನೆ ಯಾಕೆ ರಜೆ ಕೇಳಬೇಕು? ನಾನು ಎದುರಿಗೆ ಇರಬೇಕಾದದ್ದು ಕಾಲೇಜಿಗೆ ರಿಪೋರ್ಟ್ ಮಾಡುವಾಗ ಮತ್ತು ಹಾಸ್ಟೆಲ್ ಸೇರಿಸುವಾಗ ಮಾತ್ರ. ಮೊದಲ ಸುತ್ತಿನಲ್ಲಿ ಅವಳು ಚಾಯ್ಸ್ 2 ಹಾಕಿದ್ದಳು, ಅಂದರೆ ಸಿಕ್ಕ ಸೀಟು ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು. ಆಗ ಕಾಲೇಜಿಗೆ ಹೋಗುವಂತಿಲ್ಲ. ಹಾಗಾಗಿ ಹದಿನೈದು ದಿನ ಇದ್ದದ್ದು ಆರಕ್ಕೆ ಇಳಿಯಿತು.

ಎರಡನೇ ಪತ್ರದ ಸಾರ ಇದು:

"ಮಗಳು ಸಿಕ್ಕ ಸೀಟು ಒಪ್ಪಿ ಚಾಯ್ಸ್ 1 ಹಾಕಿದ ದಿನವೇ ಅಡ್ಮಿಷನ್ ಆರ್ಡರ್ ಪ್ರತಿ ಕಳಿಸಿ ತಾರೀಖು ಖಚಿತಪಡಿಸುತ್ತೇನೆ. ಸೋಮವಾರದಿಂದ ಶನಿವಾರದವರೆಗೆ ಆರು ದಿನ ಪಿ.ಎಲ್, ಹಿಂದಿನ ಮತ್ತು ಮುಂದಿನ ಭಾನುವಾರ ಸೇರಿಸಿ ಊರು ಬಿಡಲು ಅನುಮತಿ ಕೊಡಬೇಕು. ನನ್ನ ಬಳಿ ಇರುವ ಸೇಫಿನ ಕೀಗಳನ್ನು ಶನಿವಾರ ಸಂಜೆ ಕ್ಯಾಷ್ ಮುಚ್ಚಿದ ಮೇಲೆ ಎರಡನೇ ಆಫೀಸರ್‌ಗೆ ಒಪ್ಪಿಸುತ್ತೇನೆ. ಅವರ ಮಿತಿ ಮೀರಿದ ಸಾಲದ ಫೈಲುಗಳನ್ನು ಆ ವಾರ ನಿಮ್ಮ ಕಚೇರಿಗೇ ಕಳಿಸುತ್ತಾರೆ."

ಕೊನೆಯ ಸಾಲು ಬೇಕೇ ಬೇಕಿತ್ತು. ಮುಂಗಾರಿನಲ್ಲಿ ತೊಗರಿ ರೈತರ ಬೆಳೆಸಾಲ ನವೀಕರಣ ದಿನಾ ಬರುತ್ತದೆ, ಅವರನ್ನು ಒಂದು ವಾರ ತಿರುಗಾಡಿಸುವುದು ನನಗೆ ಒಪ್ಪಿಗೆ ಇರಲಿಲ್ಲ. ಕೀ ವಿಷಯದಲ್ಲೂ ಒಂದು ಎಚ್ಚರ. ಇನ್ನೊಂದು ಸೆಟ್ ಹೆಡ್ ಕ್ಯಾಷಿಯರ್ ಹತ್ತಿರ ಇರುತ್ತದೆ, ಎರಡೂ ಒಬ್ಬರ ಕೈಗೆ ಹೋಗಬಾರದು. ಅದಕ್ಕೇ ಒಪ್ಪಿಸುವವರ ಹುದ್ದೆಯನ್ನು ಪತ್ರದಲ್ಲೇ ಬರೆದೆ. ನಡುವೆ ಸಾಂದರ್ಭಿಕ ರಜೆ ಸಿ.ಎಲ್ ಸೇರಿಸೋಣ ಅಂದುಕೊಂಡಿದ್ದೆ, ಆದರೆ ಪಿ.ಎಲ್ ಜೊತೆ ಅದು ಕೂಡುವುದಿಲ್ಲ.

ಎರಡನೇ ಸುತ್ತಿನಲ್ಲಿ ಮೈಸೂರಿನ ಸೀಟು ಬಂತು. ಅದು ಕಲ್ಯಾಣ ಕರ್ನಾಟಕದವರಿಗೆ ಮೀಸಲಾದ 371ಜೆ ಕೋಟಾದ್ದು, ಹಾಗಾಗಿ ಆ ಪ್ರಮಾಣಪತ್ರದ ಮೂಲಪ್ರತಿಯನ್ನು ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಅಡ್ಮಿಷನ್ ಆರ್ಡರ್ ಕಳಿಸಿದ ಸಂಜೆಯೇ ಮಂಜೂರಾತಿ ಬಂತು. ಶನಿವಾರ ಕ್ಯಾಷ್ ಎಣಿಸಿ, ಅಡವಿನ ಚಿನ್ನದ ಪೊಟ್ಟಣಗಳನ್ನು ರಿಜಿಸ್ಟರಿನ ಜೊತೆ ತಾಳೆ ನೋಡಿ, ಕೀ ರಿಜಿಸ್ಟರಿಗೆ ಇಬ್ಬರೂ ಸಹಿ ಹಾಕುವಷ್ಟರಲ್ಲಿ ಏಳು ಗಂಟೆ. ಮರುದಿನ ಕಲಬುರಗಿಗೆ ಬಂದು ಬಸವ ಎಕ್ಸ್‌ಪ್ರೆಸ್ ಹತ್ತಿದೆವು.

ಆ ವಾರ ಶಾಖೆಯಿಂದ ಬಂದದ್ದು ಒಂದೇ ಫೋನ್. "ಮೇಡಂ, ಒಂದು ಫೈಲ್ ಮಿತಿ ಮೀರೇದ, ರೀಜನಲ್ ಆಫೀಸಿಗೆ ಕಳಿಸೀನಿ." ಹೂಂ ಅಂದು ಫೋನ್ ಇಟ್ಟು, ಮಗಳ ಜೊತೆ ಹಾಸ್ಟೆಲ್ ಕೋಣೆಗೆ ಗಾದಿ ಕೊಳ್ಳಲು ಹೊರಟೆ.